ಮೌಸ್ ಬಿಟ್ಟು Alt ಕೀಲಿಯಿಂದ ಅಡಿಕೆ ಪಟ್ಟಿ: ಅಕ್ಷರಗಳು ಸೆಲ್‌ನೊಳಗೆ ಬೀಳುವುದು ಏಕೆ?

ಶಿರಸಿ_ಲೆಕ್ಕಪತ್ರ

ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಪ್ರತಿದಿನ ಬೆಳಿಗ್ಗೆ ಟೆಂಡರಿಗೆ ಬರುವ ಅಡಿಕೆಯ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಸಿದ್ಧಮಾಡಿ, ಮುದ್ರಿಸಿ, ವ್ಯಾಪಾರಿಗಳಿಗೆ ಕೊಡಬೇಕು. ಲಾಟು ಸಂಖ್ಯೆ, ಬೆಳೆಗಾರರ ಹೆಸರು, ನಮೂನೆ (ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಹೀಗೆ), ಚೀಲ, ತೂಕ ಎಂದು ಐದು ಕಾಲಮ್‌ಗಳಿರುತ್ತವೆ. ಟೆಂಡರ್ ಮುಗಿದ ಮೇಲೆ ದರ ಮತ್ತು ಮೊತ್ತದ ಕಾಲಮ್‌ಗಳು ಸೇರುತ್ತವೆ. ಪಟ್ಟಿ ಸಂಘದ ತಂತ್ರಾಂಶದಿಂದ ಬೋಳಾಗಿ ಹೊರಬರುತ್ತದೆ. ಗೆರೆ, ಕಾಲಮ್ ಅಗಲ, ಶೀರ್ಷಿಕೆ, ಮುದ್ರಣದ ಅಳತೆ ಎಲ್ಲವನ್ನೂ ದಿನವೂ ಹೊಸದಾಗಿ ಹಾಕಬೇಕು.

ಇದನ್ನೆಲ್ಲ ಮೌಸ್ ಇಲ್ಲದೆ, Alt ಒತ್ತಿದಾಗ ರಿಬ್ಬನ್ನಿನ ಮೇಲೆ ಕಾಣುವ ಅಕ್ಷರಗಳಿಂದಲೇ ಮಾಡಲು ಹೊರಟಿದ್ದೇನೆ. ಕೆಲಸ ನಿಜವಾಗಿಯೂ ಬೇಗ ಆಗುತ್ತದೆ. ಆದರೆ ಒಮ್ಮೊಮ್ಮೆ Alt ಒತ್ತಿದರೂ ಅಕ್ಷರಗಳು ಕಾಣುವುದಿಲ್ಲ. ನಾನು H, B, A ಎಂದು ಒತ್ತಿದ್ದು ಗೆರೆ ಹಾಕುವ ಬದಲು hba ಎಂದು ಸೆಲ್‌ನೊಳಗೆ ಕುಳಿತುಬಿಡುತ್ತದೆ. ಅಲ್ಲಿದ್ದ ತೂಕ ಅಳಿಸಿಹೋಗುತ್ತದೆ. ಇದು ಕೀಲಿಮಣೆಯ ದೋಷವೇ, ಎಕ್ಸೆಲ್‌ನ ದೋಷವೇ? ತಿಳಿದವರು ಹೇಳಿ.

ಹೊನ್ನಾವರ_ಶರಾವತಿ

ಮೌಸ್ ಕೆಟ್ಟಿದ್ದರೆ ಮೊದಲು ಅದರ ಬ್ಯಾಟರಿ ಬದಲಾಯಿಸಿ ನೋಡಿ. ನಿಸ್ತಂತು ಮೌಸ್ ಆಗಿದ್ದರೆ ಅದರ ರಿಸೀವರನ್ನು ಬೇರೆ ಯುಎಸ್‌ಬಿ ಕಿಂಡಿಗೆ ಹಾಕಿ. ನಮ್ಮ ಅಂಗಡಿಯಲ್ಲಿ ಇಷ್ಟಕ್ಕೇ ಸರಿಹೋಯಿತು.

ಶಿರಸಿ_ಲೆಕ್ಕಪತ್ರ

ಮೌಸ್ ಚೆನ್ನಾಗಿಯೇ ಇದೆ. ಅದನ್ನು ಬೇಕೆಂದೇ ಬಿಟ್ಟಿದ್ದೇನೆ. ಎಡಗೈಯಲ್ಲಿ ತೂಕದ ಚೀಟಿಗಳ ಕಟ್ಟು, ಬಲಗೈ ಒಮ್ಮೆ ಕೀಲಿಮಣೆಗೆ, ಒಮ್ಮೆ ಮೌಸಿಗೆ. ಆ ಓಡಾಟವನ್ನೇ ತಪ್ಪಿಸಬೇಕಾಗಿದೆ.

ಹಳೆಮೆನು_ಕುಮಟಾ

Alt ಅನ್ನು ಒತ್ತಿ ಬಿಡುವುದೇ ತಪ್ಪು. ಕೊನೆಯ ಅಕ್ಷರದವರೆಗೂ ಒತ್ತಿ ಹಿಡಿದೇ ಇರಬೇಕು, ಆಗ ಸೆಲ್‌ನೊಳಗೆ ಏನೂ ಬೀಳುವುದಿಲ್ಲ. ಇನ್ನೊಂದು ಮಾತು. ಈ ರಿಬ್ಬನ್ ಬಂದದ್ದು 2007ರ ಆಫೀಸಿನಲ್ಲಿ. ಅದಕ್ಕೂ ಮೊದಲಿನ ಮೆನು ಅಕ್ಷರಗಳಲ್ಲಿ ಹಲವು ಇಂದಿಗೂ ನಡೆಯುತ್ತವೆ. ನಾನು ಇಂದಿಗೂ ಮೌಲ್ಯ ಮಾತ್ರ ಅಂಟಿಸಲು Alt, E, S, V ಒತ್ತುತ್ತೇನೆ. ಹೊಸದನ್ನು ಕಲಿಯಬೇಕಾದ ಅಗತ್ಯವೇ ಇಲ್ಲ.

ಯಲ್ಲಾಪುರ_ಕೀಲಿಮಣೆ

ಅಕ್ಕಾ, ಪರಿಹಾರ ಹೇಳುವ ಮುನ್ನ ಮೂರು ವಿಷಯ ತಿಳಿಯಬೇಕು. ನೀವು ಒತ್ತುವುದು ಸ್ಪೇಸ್‌ಬಾರಿನ ಎಡಗಡೆಯ Alt ಕೀಲಿಯೋ, ಬಲಗಡೆಯದೋ? ಹಾಗಾದಾಗ ಎಕ್ಸೆಲ್ ಕಿಟಕಿಯ ಕೆಳಗಿನ ಎಡಮೂಲೆಯಲ್ಲಿ Ready ಎಂದಿರುತ್ತದೆಯೋ, Edit ಅಥವಾ Enter ಎಂದಿರುತ್ತದೆಯೋ? ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸ್ ಒತ್ತಿದರೆ ಕೀಲಿಮಣೆಗಳ ಪಟ್ಟಿ ಬರುತ್ತದೆ, ಅದರಲ್ಲಿ ಯಾವುದು ಆಯ್ಕೆಯಾಗಿದೆ?

ಕುಮಟಾದ ಹಿರಿಯರೇ, Alt, E, S ಇಂದಿಗೂ ನಡೆಯುತ್ತದೆ ಎಂಬುದು ನಿಜ. Alt, E ಒತ್ತಿದೊಡನೆ ಹಳೆಯ ಆವೃತ್ತಿಯ ಅಕ್ಷರಗಳನ್ನು ಮುಂದುವರಿಸಿ ಎಂಬ ಸಣ್ಣ ಪಟ್ಟಿಯೂ ತೆರೆಯುತ್ತದೆ. ಆದರೆ ಮುಂದಿನ ಅಕ್ಷರ ಯಾವುದು ಎಂಬುದನ್ನು ಅದು ತೋರಿಸುವುದಿಲ್ಲ. ಆ ಮೆನುಗಳನ್ನು ಬಳಸಿದವರ ಬೆರಳಿಗೆ ಮಾತ್ರ ಅದು ಗೊತ್ತು. 2007ರ ನಂತರ ಸೇರಿದ ಆಜ್ಞೆಗಳಿಗೆ ಹಳೆಯ ಅಕ್ಷರಗಳೂ ಇಲ್ಲ. ರಿಬ್ಬನ್ನಿನ ಮೇಲೆ ಕಾಣುವ ಅಕ್ಷರಗಳ, ಅಂದರೆ ಕೀ ಟಿಪ್‌ಗಳ ಅನುಕೂಲವೇ ಬೇರೆ. ದಾರಿ ಮರೆತರೆ ಪರದೆಯನ್ನೇ ಓದಿಕೊಂಡು ಮುಂದೆ ಹೋಗಬಹುದು. Ctrl ಜೊತೆಗಿನ ಕೀಲಿಗಳನ್ನಾದರೋ ಮೊದಲೇ ಕಂಠಪಾಠ ಮಾಡಿರಬೇಕು.

ಶಿರಸಿ_ಲೆಕ್ಕಪತ್ರ

ಪರೀಕ್ಷಿಸಿ ನೋಡಿದೆ. ಎಡಗೈಯಲ್ಲಿ ಚೀಟಿ ಇರುವಾಗ ಬಲಗಡೆಯ Alt ಅನ್ನೇ ಒತ್ತುತ್ತೇನೆ. ಚೀಟಿ ಕೆಳಗಿಟ್ಟಾಗ ಎಡಗಡೆಯದು. ಕೀಲಿಮಣೆಗಳ ಪಟ್ಟಿಯಲ್ಲಿ English (India) ಆಯ್ಕೆಯಾಗಿದೆ. ಮೂಲೆಯಲ್ಲಿ Ready ಎಂದೇ ಇರುತ್ತದೆ.

ಯಲ್ಲಾಪುರ_ಕೀಲಿಮಣೆ

ಹಾಗಾದರೆ ದೊಡ್ಡ ಕಾರಣ ಸಿಕ್ಕಿತು. English (India) ವಿನ್ಯಾಸದಲ್ಲಿ ಬಲಗಡೆಯ Alt ಸಾಮಾನ್ಯ Alt ಅಲ್ಲ. ಹೆಚ್ಚುವರಿ ಚಿಹ್ನೆಗಳನ್ನು ಮೂಡಿಸಲು ಅದನ್ನು ಮೀಸಲಿಟ್ಟಿದ್ದಾರೆ. ಅದನ್ನು ಹಿಡಿದು ಮೇಲಿನ ಸಾಲಿನ 4 ಒತ್ತಿದರೆ ₹ ಬರುತ್ತದೆ, ನೋಡಿ. ವಿಂಡೋಸ್ ಅದನ್ನು Ctrl ಮತ್ತು Alt ಒಟ್ಟಿಗೆ ಒತ್ತಿದಂತೆ ಎಣಿಸುತ್ತದೆ. ಹಾಗಾಗಿ ರಿಬ್ಬನ್ ಎಚ್ಚರಗೊಳ್ಳುವುದಿಲ್ಲ, ಆಮೇಲೆ ಒತ್ತಿದ h, b, a ನೇರವಾಗಿ ಸೆಲ್‌ಗೆ ಹೋಗುತ್ತವೆ. ಅಮೆರಿಕನ್ ವಿನ್ಯಾಸವಾದ US ಆಯ್ಕೆಯಾಗಿದ್ದರೆ ಎರಡೂ Alt ಒಂದೇ ರೀತಿ ಕೆಲಸ ಮಾಡುತ್ತವೆ. ಅದಕ್ಕೇ ಒಂದೇ ಕಚೇರಿಯ ಎರಡು ಕಂಪ್ಯೂಟರ್‌ಗಳಲ್ಲಿ ಎರಡು ಬಗೆಯ ಅನುಭವವಾಗುತ್ತದೆ.

ವಿನ್ಯಾಸ ಬದಲಾಯಿಸಬೇಡಿ, ನಿಮಗೆ ₹ ಬೇಕೇ ಬೇಕು. ರಿಬ್ಬನ್ನಿಗೆ ಎಡಗಡೆಯ Alt, ರೂಪಾಯಿ ಚಿಹ್ನೆಗೆ ಬಲಗಡೆಯದು ಎಂದು ಇಟ್ಟುಕೊಳ್ಳಿ. ಎಡಗೈ ಬಿಡುವಿಲ್ಲದಿದ್ದರೆ F10 ಒತ್ತಿ. ಅದೂ Alt ಒತ್ತಿ ಬಿಟ್ಟಂತೆಯೇ ಅಕ್ಷರಗಳನ್ನು ತೋರಿಸುತ್ತದೆ, ಬಲಗೈಗೂ ಎಟಕುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ F10ಕ್ಕೆ ಧ್ವನಿಯ ಅಥವಾ ಬೆಳಕಿನ ಕೆಲಸ ಕೊಟ್ಟಿರುತ್ತಾರೆ, ಅಲ್ಲಿ Fn ಕೂಡ ಹಿಡಿಯಬೇಕು.

ಕಾಳಿತೀರ_ಕಾರವಾರ

ನನ್ನ ಕಥೆ ಸ್ವಲ್ಪ ಬೇರೆ, ಆದರೂ ಇಲ್ಲಿಗೆ ಸಲ್ಲುತ್ತದೆ. ನನಗೆ ಕಣ್ಣು ಕಾಣಿಸುವುದಿಲ್ಲ. ಕಾರವಾರದಲ್ಲಿ ಗುಮಾಸ್ತನಾಗಿದ್ದೇನೆ. ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶದೊಂದಿಗೆ ಎಕ್ಸೆಲ್ ಬಳಸುತ್ತೇನೆ. ನೀವು ಕಣ್ಣಿನಿಂದ ಓದುವ ಆ ಪುಟ್ಟ ಅಕ್ಷರಗಳು ನನಗೆ ಕಿವಿಯಿಂದ ಬರುತ್ತವೆ. Alt ಒತ್ತಿ ಬಾಣದ ಕೀಲಿಯಿಂದ ರಿಬ್ಬನ್ನಿನಲ್ಲಿ ಸಾಗುತ್ತಿದ್ದರೆ ಗುಂಡಿಯ ಹೆಸರಿನ ಜೊತೆಗೆ ಅದರ ಕೀಲಿಗಳ ಸಾಲನ್ನೂ ಎನ್‌ವಿಡಿಎ ಹೇಳುತ್ತದೆ. ಮುಂದಿನ ಸಲ ಆ ಕೀಲಿಗಳನ್ನೇ ನೇರವಾಗಿ ಒತ್ತುತ್ತೇನೆ. ಗುಂಪಿನಿಂದ ಗುಂಪಿಗೆ ಹಾರಬೇಕಾದರೆ Ctrl ಹಿಡಿದು ಬಲ ಅಥವಾ ಎಡ ಬಾಣ ಒತ್ತಿದರೆ ಸಾಕು, ಒಂದೊಂದೇ ಗುಂಡಿ ದಾಟಬೇಕಾಗಿಲ್ಲ.

ಒಂದು ಅಭ್ಯಾಸವನ್ನು ನಿಮಗೂ ಹೇಳುತ್ತೇನೆ, ಅಕ್ಕಾ. ರಿಬ್ಬನ್ನಿಗೆ ಬಂದಿದ್ದೇನೆ ಎಂಬ ದನಿ ಕೇಳುವವರೆಗೆ ನಾನು ಮುಂದಿನ ಅಕ್ಷರ ಒತ್ತುವುದೇ ಇಲ್ಲ. ದನಿ ಬಾರದಿದ್ದರೆ ಇನ್ನೂ ಸೆಲ್‌ನಲ್ಲೇ ಇದ್ದೇನೆ ಎಂದರ್ಥ. ಕಣ್ಣಿರುವವರು ಇದನ್ನು ನೋಡದೆಯೇ ಒತ್ತಿಬಿಡುತ್ತಾರೆ.

ಶಿರಸಿ_ಲೆಕ್ಕಪತ್ರ

ಇಬ್ಬರಿಗೂ ಧನ್ಯವಾದ. ಎಡಗಡೆಯ Alt ಮಾತ್ರ ಬಳಸಲು ಆರಂಭಿಸಿದ ಮೇಲೆ ಬಹುಪಾಲು ಸರಿಹೋಯಿತು, ಪೂರ್ತಿಯಾಗಿ ಅಲ್ಲ. ಕಚೇರಿಯ ಹಳೆಯ ಯಂತ್ರದಲ್ಲಿ ದೊಡ್ಡ ಪಟ್ಟಿ ತೆರೆದಿದ್ದಾಗ ಈಗಲೂ ಅಪರೂಪಕ್ಕೆ hba ಬೀಳುತ್ತದೆ.

ಯಲ್ಲಾಪುರ_ಕೀಲಿಮಣೆ

ಯಂತ್ರ ನಿಧಾನವಾಗಿದ್ದಾಗ ಅಕ್ಷರಗಳು ಕಾಣಲು ಒಂದು ಕ್ಷಣ ತಡವಾಗುತ್ತದೆ. ಆಗ Alt ಅನ್ನು ಇನ್ನೊಮ್ಮೆ ಒತ್ತುತ್ತೀರಾ?

ಶಿರಸಿ_ಲೆಕ್ಕಪತ್ರ

ಹೌದು, ಒತ್ತುತ್ತೇನೆ.

ಯಲ್ಲಾಪುರ_ಕೀಲಿಮಣೆ

ಅದೇ ಎರಡನೆಯ ಕಾರಣ. ಮೊದಲ Alt ರಿಬ್ಬನ್ನನ್ನು ಎಬ್ಬಿಸುತ್ತದೆ, ಎರಡನೆಯದು ಮಲಗಿಸುತ್ತದೆ. ನೀವು ಎರಡು ಸಲ ಒತ್ತಿದಾಗ ಎಕ್ಸೆಲ್ ಎರಡನ್ನೂ ಸಾಲಾಗಿ ಪಾಲಿಸಿ ಮರಳಿ ಸೆಲ್‌ಗೆ ಬಂದಿರುತ್ತದೆ. ಇಲ್ಲಿ ಕುಮಟಾದ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಬೇಕು. Alt ಹಿಡಿದುಕೊಂಡೇ H ಒತ್ತಿ, ಆಮೇಲೆ ಎರಡನ್ನೂ ಬಿಟ್ಟು B, A ಒತ್ತಿ. ಹಿಡಿದು ಒತ್ತಿದ Alt+H ನೇರವಾಗಿ Home ಪಟ್ಟಿಗೇ ಹೋಗುತ್ತದೆ, ಆದ್ದರಿಂದ ಎದ್ದು ಮಲಗುವ ಗೊಂದಲ ಬರುವುದಿಲ್ಲ. ಮೊದಲ ಹೆಜ್ಜೆಗೆ ಮಾತ್ರ ಹಿಡಿಯಿರಿ. ಕೊನೆಯವರೆಗೂ ಹಿಡಿದರೆ ಬೇರೊಂದು ತೊಂದರೆಯಿದೆ. Alt ಹಿಡಿದು ಬಲಬದಿಯ ಅಂಕೆ ಕೀಲಿಗಳನ್ನು ಒತ್ತಿದರೆ ವಿಂಡೋಸ್ ಅದನ್ನು ಚಿಹ್ನೆಯ ಸಂಕೇತವೆಂದು ತಿಳಿದು 1ಕ್ಕೆ ನಗುಮುಖದಂತಹ ಗುರುತನ್ನು ಸೆಲ್‌ನಲ್ಲಿ ಮೂಡಿಸುತ್ತದೆ. ಅಂಕೆ ಬೇಕಾದಾಗ ಮೇಲಿನ ಸಾಲಿನದನ್ನೇ ಒತ್ತಿ.

ದಾರಿ ತಪ್ಪಿದರೆ Esc ಒಂದೊಂದೇ ಹಂತ ಹಿಂದಕ್ಕೆ ಕರೆತರುತ್ತದೆ.

ಇನ್ನು ನಿಮ್ಮ ಕಚೇರಿಗೆ ನಿಜವಾಗಿ ಮುಖ್ಯವಾದ ಮಾತು. hba ಬಿದ್ದ ಕೂಡಲೇ ಕಂಡರೆ ಚಿಂತೆಯಿಲ್ಲ. Enter ಒತ್ತುವ ಮುನ್ನ Esc ಒತ್ತಿದರೆ ಹಳೆಯ ತೂಕ ಮರಳುತ್ತದೆ, ಒತ್ತಿದ ಮೇಲಾದರೆ Ctrl+Z. ಕಾಣದೆ ಹೋದರೆ? ನೀವು Ctrl+A ಒತ್ತಿ ಪಟ್ಟಿಯನ್ನೆಲ್ಲ ಆಯ್ದಿರುತ್ತೀರಿ. ಅಕ್ಷರಗಳು ಬೀಳುವುದು ಆ ಆಯ್ಕೆಯೊಳಗಿನ ಒಂದೇ ಒಂದು ಸೆಲ್‌ಗೆ, ಅಂದರೆ Ctrl+A ಒತ್ತುವ ಮುನ್ನ ನೀವು ನಿಂತಿದ್ದ ಸೆಲ್‌ಗೆ.

ಅದು 2.35 ಕ್ವಿಂಟಲ್ ತೂಕದ ಸೆಲ್ ಆಗಿತ್ತು ಎಂದುಕೊಳ್ಳೋಣ. ಸಂಜೆಯ ಪಟ್ಟಿಯಲ್ಲಾದರೆ ತೂಕವನ್ನು ದರದಿಂದ ಗುಣಿಸುವ ಸೂತ್ರವಿರುತ್ತದೆ. ದರ 45,000 ಇದ್ದರೆ 1,05,750 ಎಂದು ಬರಬೇಕಾದ ಜಾಗದಲ್ಲಿ #VALUE! ಎಂದು ಬರುತ್ತದೆ, ಕೆಳಗಿನ ಒಟ್ಟು ಮೊತ್ತವೂ #VALUE! ಆಗುತ್ತದೆ. ತಪ್ಪು ತಾನೇ ಕೂಗಿ ಹೇಳುತ್ತದೆ. ಬೆಳಗಿನ ಪಟ್ಟಿಯಲ್ಲಿ ಹಾಗಲ್ಲ. ಅಲ್ಲಿ ತೂಕದ ಮೊತ್ತ ಮಾತ್ರ ಇದೆ. SUM ಅಕ್ಷರಗಳಿರುವ ಸೆಲ್ಲನ್ನು ಸದ್ದಿಲ್ಲದೆ ಬಿಟ್ಟು ಉಳಿದದ್ದನ್ನು ಕೂಡುತ್ತದೆ. ಮೊತ್ತ 2.35 ಕ್ವಿಂಟಲ್ ಕಡಿಮೆ ಬರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಆದ್ದರಿಂದ ಮುದ್ರಿಸುವ ಮುನ್ನ ಪಟ್ಟಿಯ ಹೊರಗಿನ ಎರಡು ಖಾಲಿ ಸೆಲ್‌ಗಳಲ್ಲಿ ಇವನ್ನು ಬರೆಯಿರಿ. ತೂಕ E ಕಾಲಮ್‌ನಲ್ಲಿ, 150 ಲಾಟುಗಳು 2ರಿಂದ 151ನೆಯ ಸಾಲಿನವರೆಗೆ ಇವೆ ಎಂದು ಹಿಡಿದಿದ್ದೇನೆ.

```
=COUNT(E2:E151)
=COUNTA(E2:E151)
```

ಮೊದಲನೆಯದು ಅಂಕೆಗಳಿರುವ ಸೆಲ್‌ಗಳನ್ನು ಮಾತ್ರ ಎಣಿಸುತ್ತದೆ, ಎರಡನೆಯದು ಖಾಲಿಯಲ್ಲದ ಎಲ್ಲವನ್ನೂ. ಎರಡೂ 150 ಬಂದರೆ ಸರಿ. 149 ಮತ್ತು 150 ಬಂದರೆ ಎಲ್ಲೋ ಒಂದು ತೂಕ ಅಕ್ಷರವಾಗಿದೆ. ಅದನ್ನು ಹುಡುಕಲು E2ರಿಂದ E151ರವರೆಗೆ ಆಯ್ದು, ರಿಬ್ಬನ್ನಿನಿಂದಲೇ ಹೀಗೆ ಹೋಗಿ:

```
Alt+H, F, D, S
```

Go To Special ಎಂಬ ಕಿಟಕಿ ತೆರೆಯುತ್ತದೆ. ಅದರಲ್ಲಿ Constants ಆಯ್ದು, ಕೆಳಗಿನ ನಾಲ್ಕು ಗುರುತುಗಳಲ್ಲಿ Text ಮಾತ್ರ ಉಳಿಸಿ Enter ಒತ್ತಿ. ಕೆಟ್ಟ ಸೆಲ್ ಎಲ್ಲಿದ್ದರೂ ಎಕ್ಸೆಲ್ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತದೆ. ಚೀಟಿ ನೋಡಿ ತೂಕವನ್ನು ಮತ್ತೆ ಬರೆಯಿರಿ.

ಹಳೆಮೆನು_ಕುಮಟಾ

ಮೊತ್ತ ಸದ್ದಿಲ್ಲದೆ ಕಡಿಮೆಯಾಗುತ್ತದೆ ಎಂಬುದನ್ನು ಈಗಲೇ ಮಾಡಿ ನೋಡಿದೆ. ನಿಜ. ಇದು ಸಣ್ಣ ಸಂಗತಿಯಲ್ಲ. ಆದರೂ ಪ್ರತಿದಿನ ಎಣಿಕೆ ಮಾಡುವ ಬದಲು, ಗೆರೆ ಹಾಕುವ ಮುನ್ನ Ctrl+Home ಒತ್ತಿ A1ಕ್ಕೆ ಹೋಗಿ ನಿಂತರೆ ಸಾಕಲ್ಲವೇ? ಬಿದ್ದರೂ ಶೀರ್ಷಿಕೆಯ ಸೆಲ್‌ಗೆ ಬೀಳುತ್ತದೆ, ತಕ್ಷಣ ಕಾಣುತ್ತದೆ.

ಯಲ್ಲಾಪುರ_ಕೀಲಿಮಣೆ

ಒಳ್ಳೆಯ ಉಪಾಯ, ಖಂಡಿತ ಮಾಡಬೇಕು. ಎಣಿಕೆಯನ್ನು ಮಾತ್ರ ನಾನು ಬಿಡುವುದಿಲ್ಲ. ತಂತ್ರಾಂಶದಿಂದ ಹೊರಬರುವಾಗಲೇ ಕೆಲವು ತೂಕಗಳು ಅಕ್ಷರರೂಪದಲ್ಲಿ ಬಂದಿರುವುದುಂಟು. ಅದನ್ನು ಹಿಡಿಯಲು A1 ಸಹಾಯ ಮಾಡುವುದಿಲ್ಲ.

ಶಿರಸಿ_ಲೆಕ್ಕಪತ್ರ

ಎಣಿಕೆಯನ್ನೂ ಸೇರಿಸಿಕೊಂಡೆ. ಈಗ ನನ್ನ ಬೆಳಗಿನ ಕ್ರಮ ಹೀಗಿದೆ, ತಿದ್ದುವುದಿದ್ದರೆ ತಿದ್ದಿ. Ctrl+Home ಒತ್ತಿ ಮೇಲಕ್ಕೆ ಹೋಗುತ್ತೇನೆ, Ctrl+A ಒತ್ತಿ ಪಟ್ಟಿಯನ್ನು ಆಯುತ್ತೇನೆ. ಆಮೇಲೆ ಸಾಲಾಗಿ:

```
Alt+H, B, A    ಎಲ್ಲ ಗೆರೆಗಳು
Alt+H, O, I    ಕಾಲಮ್ ಅಗಲ
Alt+W, F, R    ಮೇಲಿನ ಸಾಲು ನಿಲ್ಲಿಸುವುದು
Alt+A, T       ಸೋಸುವ ಬಾಣಗಳು
```

ಕೆಂಪುಗೋಟು ಮಾತ್ರ ನೋಡಬೇಕಾದರೆ ನಮೂನೆಯ ಶೀರ್ಷಿಕೆಯ ಮೇಲೆ ನಿಂತು Alt ಹಿಡಿದು ಕೆಳಬಾಣ ಒತ್ತುತ್ತೇನೆ. ಸಂಜೆ ಮೊತ್ತದ ಕಾಲಮ್ಮಿಗೆ Alt+H, K ಒತ್ತಿ ಅಲ್ಪವಿರಾಮ ಹಾಕುತ್ತೇನೆ.

ಮುದ್ರಣಕ್ಕೆ ಮಾತ್ರ ಇನ್ನೂ ಮೌಸ್ ಹಿಡಿಯುತ್ತಿದ್ದೇನೆ. Page Setup ಕಿಟಕಿ ತೆರೆದ ಮೇಲೆ ಕೀ ಟಿಪ್‌ಗಳು ಕಾಣುವುದೇ ಇಲ್ಲ.

ಯಲ್ಲಾಪುರ_ಕೀಲಿಮಣೆ

ಕ್ರಮ ಚೆನ್ನಾಗಿದೆ. Alt+W, F, R ಒತ್ತುವಾಗ ಒಂದು ಎಚ್ಚರಿಕೆ ಬೇಕು. ಅದು ನಿಲ್ಲಿಸುವುದು ಪರದೆಯಲ್ಲಿ ಆ ಹೊತ್ತಿಗೆ ಮೇಲೆ ಕಾಣುವ ಸಾಲನ್ನು, ಅದು 1ನೆಯ ಸಾಲೇ ಆಗಬೇಕೆಂದಿಲ್ಲ. ನೀವು ಮೊದಲೇ Ctrl+Home ಒತ್ತುವುದರಿಂದ ತೊಂದರೆಯಾಗದು. ಅಲ್ಪವಿರಾಮ ಲಕ್ಷದ ಲೆಕ್ಕದಲ್ಲಿ ಬಾರದೆ 105,750 ಎಂದು ಬಂದರೆ ದೋಷ ಎಕ್ಸೆಲ್‌ನದಲ್ಲ, ವಿಂಡೋಸ್‌ನ ಪ್ರದೇಶದ ಆಯ್ಕೆ ಭಾರತಕ್ಕೆ ಇಲ್ಲವೆಂದರ್ಥ.

ಕಿಟಕಿಗಳ ಒಳಗೆ ನಿಯಮ ಬೇರೆ. ಅಲ್ಲಿ ಹೆಸರಿನ ಒಂದು ಅಕ್ಷರದ ಕೆಳಗೆ ಗೆರೆ ಇರುತ್ತದೆ, Alt ಹಿಡಿದುಕೊಂಡೇ ಆ ಅಕ್ಷರ ಒತ್ತಬೇಕು. Alt+P, S, P ಒತ್ತಿ Page Setup ತೆರೆಯಿರಿ. ಒಳಗೆ Alt+L ಒತ್ತಿದರೆ ಕಾಗದ ಅಡ್ಡವಾಗುತ್ತದೆ. Alt+F ಒತ್ತಿದರೆ Fit to ಆಯ್ಕೆಯಾಗುತ್ತದೆ. ಅಗಲದ ಜಾಗದಲ್ಲಿ 1 ಬರೆದು, Tab ಒತ್ತಿ, ಎತ್ತರದ ಜಾಗವನ್ನು Delete ಒತ್ತಿ ಖಾಲಿ ಬಿಡಿ. ಅಲ್ಲಿಯೂ 1 ಇದ್ದರೆ 150 ಲಾಟುಗಳು ಒಂದೇ ಹಾಳೆಯಲ್ಲಿ ಕುಗ್ಗಿ ಓದಲಾರದಂತಾಗುತ್ತವೆ. ಖಾಲಿ ಬಿಟ್ಟರೆ ಅಗಲ ಮಾತ್ರ ಹಾಳೆಗೆ ಹೊಂದಿಕೊಂಡು, ಉದ್ದ ಬೇಕಾದಷ್ಟು ಹಾಳೆಗಳಿಗೆ ಹರಡುತ್ತದೆ.

ಪ್ರತಿ ಹಾಳೆಯಲ್ಲೂ ಶೀರ್ಷಿಕೆ ಬರಬೇಕಾದರೆ Alt+P, I ಒತ್ತಿ. ಅದೇ ಕಿಟಕಿ Sheet ಭಾಗದಲ್ಲಿ ತೆರೆಯುತ್ತದೆ. Alt+R ಒತ್ತಿ $1:$1 ಎಂದು ಬರೆದು Enter ಒತ್ತಿ. ಮೇಲಿನ ಸಾಲನ್ನು ಪರದೆಯಲ್ಲಿ ನಿಲ್ಲಿಸಿದ ಮಾತ್ರಕ್ಕೆ ಅದು ಮುದ್ರಣದಲ್ಲಿ ಮರುಕಳಿಸುವುದಿಲ್ಲ, ಇವೆರಡೂ ಬೇರೆ ಬೇರೆ.

ಅಂಕೋಲಾ_ಮಾಸ್ತರ

ನಮ್ಮ ಶಾಲೆಯ ಗಣಕ ಕೊಠಡಿಯಲ್ಲಿ ಎಲ್ಲ ಯಂತ್ರಗಳ ಆವೃತ್ತಿಯೂ ಒಂದೇ ಅಲ್ಲ. ಪಿವಟ್ ಕೋಷ್ಟಕಕ್ಕೆ 2016ರಲ್ಲಿ Alt, N, V ಸಾಕು. ಹೊಸದರಲ್ಲಿ V ಒತ್ತಿದರೆ ಇನ್ನೊಂದು ಪಟ್ಟಿ ತೆರೆದು T ಕೂಡ ಬೇಕಾಗುತ್ತದೆ. ಮಕ್ಕಳಿಗೆ ಯಾವುದನ್ನು ಕಲಿಸಲಿ?

ಯಲ್ಲಾಪುರ_ಕೀಲಿಮಣೆ

ಮಾಸ್ತರೇ, ದಾರಿಯನ್ನು ಉರು ಹೊಡೆಸಬೇಡಿ, ಪರದೆ ಓದುವುದನ್ನು ಕಲಿಸಿ. ಎಲ್ಲ ಯಂತ್ರಗಳಲ್ಲೂ ಒಂದೇ ಕೀಲಿ ಬೇಕೆಂದರೆ ಆ ಆಜ್ಞೆಯನ್ನು Quick Access Toolbar ಗೆ ಸೇರಿಸಿ. ಅಲ್ಲಿ ಮೊದಲ ಸ್ಥಾನದಲ್ಲಿರುವುದಕ್ಕೆ Alt, 1, ಎರಡನೆಯದಕ್ಕೆ Alt, 2. ಸೇರಿಸಲೂ ಮೌಸ್ ಬೇಡ. ಬಾಣದ ಕೀಲಿಗಳಿಂದ ರಿಬ್ಬನ್ನಿನ ಗುಂಡಿಯ ಮೇಲೆ ನಿಂತು Shift+F10 ಒತ್ತಿ, ತೆರೆಯುವ ಪಟ್ಟಿಯಲ್ಲಿ ಸೇರಿಸುವ ಆಯ್ಕೆ ಇರುತ್ತದೆ. ಒಂದು ಯಂತ್ರದಲ್ಲಿ ಜೋಡಿಸಿ, Alt, F, T ಒತ್ತಿ ತೆರೆಯುವ Options ಒಳಗಿನ Import/Export ಗುಂಡಿಯಿಂದ ಆ ಜೋಡಣೆಯನ್ನು ಕಡತವಾಗಿ ಉಳಿಸಿ ಉಳಿದವಕ್ಕೆ ಒಯ್ಯಬಹುದು. ಆದರೆ ಒಯ್ದಾಗ ಆ ಯಂತ್ರದಲ್ಲಿ ಮೊದಲಿದ್ದ ಜೋಡಣೆ ಅಳಿಸಿಹೋಗುತ್ತದೆ.

ಕಾಳಿತೀರ_ಕಾರವಾರ

ಮಾಸ್ತರೇ, ಹಂಚಿಕೊಂಡ ಯಂತ್ರದಲ್ಲಿ ಈ ಅಂಕೆಗಳನ್ನು ನಾನು ನಂಬುವುದಿಲ್ಲ. ಯಾರಾದರೂ ಮುಂದೆ ಒಂದು ಗುಂಡಿ ಸೇರಿಸಿದರೆ ನನ್ನ 1 ಹೋಗಿ 2 ಆಗುತ್ತದೆ, ನನಗೆ ಅದು ಕಾಣುವುದೂ ಇಲ್ಲ. ಅಕ್ಷರಗಳ ದಾರಿ ಉದ್ದವಾದರೂ ನನಗೆ ಅದೇ ಭದ್ರ.

ಅಂಕೋಲಾ_ಮಾಸ್ತರ

ಇಬ್ಬರ ಮಾತೂ ತೂಗುತ್ತದೆ. ಇನ್ನೊಂದು ಕೇಳಬೇಕಿತ್ತು. ಹೆಸರುಗಳನ್ನು ಕನ್ನಡದಲ್ಲಿ ಬರೆಯುತ್ತಿರುವಾಗ, ಅಂದರೆ ಕನ್ನಡ ಕೀಲಿಮಣೆ ಆಯ್ಕೆಯಾಗಿರುವಾಗ, ರಿಬ್ಬನ್ನಿನ ಇಂಗ್ಲಿಷ್ ಅಕ್ಷರಗಳು ಒಂದು ಯಂತ್ರದಲ್ಲಿ ಸ್ಪಂದಿಸುತ್ತವೆ, ಪಕ್ಕದ ಯಂತ್ರದಲ್ಲಿ ಸ್ಪಂದಿಸುವುದಿಲ್ಲ.

ಶಿರಸಿ_ಲೆಕ್ಕಪತ್ರ

ನಮ್ಮಲ್ಲಿ ಬೆಳೆಗಾರರ ಹೆಸರು ಕನ್ನಡದಲ್ಲೇ ಇರುತ್ತದೆ. ಹೆಸರು ತಿದ್ದಿದ ಮೇಲೆ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಮರಳಿಯೇ ರಿಬ್ಬನ್ನಿಗೆ ಹೋಗುತ್ತೇನೆ. ಎಡಗಡೆಯ Alt ಜೊತೆ Shift ತಾಗಿದರೂ ಭಾಷೆ ಬದಲಾಗಿಬಿಡುತ್ತದೆ, ಅದಕ್ಕಾಗಿ ಬಲ ಕೆಳಮೂಲೆಯ ಭಾಷೆಯ ಗುರುತನ್ನು ನೋಡಿಕೊಳ್ಳುತ್ತೇನೆ.

ಯಲ್ಲಾಪುರ_ಕೀಲಿಮಣೆ

ಸದ್ಯಕ್ಕೆ ಅಕ್ಕನ ದಾರಿಯೇ ಖಚಿತವಾದದ್ದು. ಮಾಸ್ತರೇ, ಆ ಎರಡು ಯಂತ್ರಗಳಲ್ಲಿ ವಿಂಡೋಸ್ ಮತ್ತು ಆಫೀಸಿನ ಆವೃತ್ತಿ ಯಾವುವು, ಕನ್ನಡಕ್ಕೆ ವಿಂಡೋಸ್‌ನ ಕೀಲಿಮಣೆಯೋ ನುಡಿಯಂತಹ ಪ್ರತ್ಯೇಕ ತಂತ್ರಾಂಶವೋ ಎಂಬುದನ್ನು ಬರೆದು ಹಾಕಿ. ಒಂದು ಖಾಲಿ ಹಾಳೆಯಲ್ಲಿ Alt+H ಮಾತ್ರ ಒತ್ತಿ ನೋಡಿ, ಸೆಲ್‌ನಲ್ಲಿ ಯಾವುದಾದರೂ ಅಕ್ಷರ ಬಿದ್ದರೆ ಅದು ಯಾವುದೆಂದೂ ತಿಳಿಸಿ.

ಅಂಕೋಲಾ_ಮಾಸ್ತರ

ಸೋಮವಾರ ಕೊಠಡಿ ತೆರೆದಾಗ ಎರಡನ್ನೂ ಪರೀಕ್ಷಿಸಿ ಇಲ್ಲಿಯೇ ಬರೆಯುತ್ತೇನೆ.